ಅರಳಸುರಳಿಯವರು ಯಾರು?

ತೀರ್ಥಹಳ್ಳಿಯಲ್ಲಿ ನಾನು ನರ್ಸ್ ಆಗಿದ್ದ ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೆಸರು ಇರುತ್ತಿರಲಿಲ್ಲ, ಊರು ಇರುತ್ತಿತ್ತು. ಹೆಸರು ಕೂಗಿದರೆ ಮೂವರು ತಲೆ ಎತ್ತುತ್ತಾರೆ, ಊರು ಕೂಗಿದರೆ ಒಬ್ಬರೇ. ಇದು ನಮ್ಮ ಜಾಣತನ. ಆ ಜಾಣತನದಿಂದ ಒಂದು ಬೆಳಿಗ್ಗೆ ಒಬ್ಬಳ ಜೀವವೇ ಹೋಗುವುದರಲ್ಲಿತ್ತು.

ಅಂದು ಇಬ್ಬರು ಬಾಣಂತಿಯರಿಗೆ ರಕ್ತ ಕೊಡಬೇಕಿತ್ತು, ಒಬ್ಬಳು ಹುಲಿಕಲ್ಲಿನವಳು, ಇನ್ನೊಬ್ಬಳು ಅರಳಸುರಳಿಯವಳು. ರಕ್ತದ ಚೀಲದ ಚೀಟಿಯನ್ನು ಹಾಸಿಗೆಯ ಬಳಿಯೇ, ರೋಗಿಯ ನಂಬರಿರುವ ಕೈಪಟ್ಟಿಯೊಂದಿಗೆ ಇಬ್ಬರು ಹೋಲಿಸಿ ನೋಡಬೇಕು. ನಾನೂ ಜೊತೆಯ ನರ್ಸೂ ಮೇಜಿನ ಹತ್ತಿರವೇ ಕಾಗದ ನೋಡಿ ಸಹಿ ಹಾಕಿದೆವು. ಅವಸರವಿತ್ತು ಎಂದು ನೆಪ ಹೇಳುವುದಿಲ್ಲ. ಅದು ಸೋಮಾರಿತನ.

"ಅರಳಸುರಳಿಯವರು ಯಾರು?" ಎಂದೆ.

"ನಾನೇ ಸಿಸ್ಟರ್," ಕಿಟಕಿ ಪಕ್ಕದವಳು ಕೈ ಎತ್ತಿದಳು. ಇನ್ನೊಬ್ಬಳು ನಿದ್ದೆಯಲ್ಲಿದ್ದಳು.

ಜ್ವರ, ನಾಡಿ, ಬಿಪಿ, ಉಸಿರು ಚಾರ್ಟಿನಲ್ಲಿ ಬರೆದು ನಿಧಾನಕ್ಕೆ ರಕ್ತ ಬಿಟ್ಟೆ. ಮತ್ತೆ ಹದಿನೈದು ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೊಮ್ಮೆ, ಮುಗಿದಾಗ ಒಮ್ಮೆ ಬರೆಯಬೇಕು. ಮೊದಲ ಹದಿನೈದು ನಿಮಿಷ ಹಾಸಿಗೆ ಬಿಟ್ಟು ಕದಲಬಾರದು. ಅದೊಂದನ್ನು ಮಾತ್ರ ನಾನು ಎಂದೂ ಮುರಿದವಳಲ್ಲ.

ಏಳನೇ ನಿಮಿಷಕ್ಕೆ ಅವಳು, "ಸಿಸ್ಟರ್, ಸೊಂಟ ಸೆಳೀತದೆ. ಚಳಿನೂ ಆಗ್ತಿದೆ," ಎಂದಳು.

"ಬಾಣಂತಿಗೆ ಸೊಂಟನೋವು ಬರ್ದೇ ಇರ್ತದಾ," ಎನ್ನುತ್ತ ಅವಳ ಅತ್ತೆ ಕಂಬಳಿ ಎಳೆದರು.

ಚಾರ್ಟಿನಲ್ಲಿ ಹದಿನೈದನೇ ನಿಮಿಷದ ಸಾಲು ಬರೆಯಲು ಕಾಯದೆ ರಕ್ತ ನಿಲ್ಲಿಸಿಬಿಟ್ಟೆ. ಕೈಯ ಸೂಜಿ ತೆಗೆಯದೆ, ರಕ್ತದ ಕೊಳವೆ ಪೂರ್ತಿ ಕಳಚಿ, ಹೊಸ ಕೊಳವೆಯಲ್ಲಿ ಸಲೈನ್ ಹಾಕಿದೆ. ಡಾಕ್ಟರನ್ನು ಕೂಗಿದೆ. ಜ್ವರ ಏರಿತ್ತು, ನಾಡಿ ಓಡುತ್ತಿತ್ತು. ಕೈಪಟ್ಟಿ ತಿರುಗಿಸಿದರೆ, ನಂಬರು ಚೀಲದ್ದಲ್ಲ.

"ನೀನು ಹುಲಿಕಲ್ಲಿನವಳಾ?"

"ಅದು ಗಂಡನ ಮನೆ. ಅರಳಸುರಳಿ ನನ್ ತವರು."

ಹಾಗಾದರೆ ಇನ್ನೊಂದು ಚೀಲ? ಜೊತೆಯವಳು ಅದನ್ನು ಇನ್ನೊಬ್ಬ ಬಾಣಂತಿಗೆ ಜೋಡಿಸುತ್ತಿದ್ದಳು.

"ನಿಲ್ಸು! ಚೀಲ ಅದಲುಬದಲಾಗಿದೆ!" ಎಂದು ಕಿರುಚಿದೆ. ಒಂದು ಹನಿಯೂ ಹೋಗಿರಲಿಲ್ಲ.

ಚೀಲ, ಕೊಳವೆ, ಹುಲಿಕಲ್ಲಿನವಳಿಂದ ಹೊಸದಾಗಿ ತೆಗೆದ ರಕ್ತದ ಮಾದರಿ ಎಲ್ಲವೂ ಬ್ಲಡ್ ಬ್ಯಾಂಕಿಗೆ ಹೋದವು. ಹೊಂದದ ರಕ್ತ ಒಳಗೆ ಒಡೆದು ಅವಳ ಮೂತ್ರ ಕೆಂಪಗಿತ್ತು. ಕಿಡ್ನಿ ಉಳಿಯುತ್ತದೋ ಇಲ್ಲವೋ ಎಂದು ಪ್ರತಿ ಗಂಟೆ ಮೂತ್ರ ಅಳೆದೆ. ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ.

"ರಿಪೋರ್ಟಲ್ಲಿ ಚಳಿ ಬಂತು, ನಿಲ್ಸಿದೆ ಅಂತ ಬರಿ, ಸಾಕು," ಎಂದಳು ಜೊತೆಯವಳು. ನಾನು ಕೈಪಟ್ಟಿ ನೋಡದೆ ಇದ್ದದ್ದನ್ನೂ ಬರೆದೆ.

ಮೂರನೆಯ ದಿನ ಮೂತ್ರ ತಿಳಿಯಾಯಿತು. ಹೊರಡುವ ದಿನ ಅವಳ ಮುಂದೆ ಕೂತು, ತಪ್ಪು ನನ್ನದೆಂದು ಹೇಳಿದೆ.

"ಮದ್ವೆ ಆದ್ಮೇಲೆ ತವರಿನ ಹೆಸರಲ್ಲಿ ನನ್ನ ಯಾರೂ ಕರೆದಿರ್ಲಿಲ್ಲ ಸಿಸ್ಟರ್. ನೀವು ಕರೆದ್ರಿ, ಖುಷಿಗೆ ಕೈ ಎತ್ತಿಬಿಟ್ಟೆ."

ನಂಬರು ಇನ್ನೊಮ್ಮೆ ಓದಿ, ಅವಳ ಕೈಪಟ್ಟಿ ಕತ್ತರಿಸಿದೆ.