ಬಲಮೂಲೆಯಲ್ಲಿ ಬರೆದ ಅಂಕೆ

ನಾನು ಮೈಸೂರಿನಲ್ಲಿ ಐದು ವರ್ಷ ಗಣಿತ ಪಾಠ ಮಾಡಿದವಳು. ತೊಂಬತ್ತರ ದಶಕದ ನಡುವೆ ಗಂಡನ ವೀಸಾಕ್ಕೆ ಅಂಟಿಕೊಂಡು ಅಟ್ಲಾಂಟಾಗೆ ಬಂದೆ. ಸಂಬಳದ ಕೆಲಸ ಮಾಡುವಂತಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಹಗಲೆಲ್ಲ ಕಿಟಕಿಯಾಚೆಯ ಪೈನ್ ಮರಗಳನ್ನು ನೋಡುತ್ತ ಕೂತಿರುತ್ತಿದ್ದೆ. ಆ ದಿನಗಳ ನೆನಪಿಗೆ ಈಗಲೂ ಒಂಥರಾ ಮಂಪರು ಕವಿದಿದೆ. ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಲೈಬ್ರರಿ ಇತ್ತು. ಅಲ್ಲಿ ಶನಿವಾರ ಬೆಳಿಗ್ಗೆ ದೊಡ್ಡವರಿಗೆ ಇಂಗ್ಲಿಷ್ ಓದು ಕಲಿಸುವ ತರಗತಿ ನಡೆಯುತ್ತಿತ್ತು. ಪುಕ್ಕಟೆ ದುಡಿಯಲು ಯಾರಿಗೂ ವೀಸಾ ಬೇಡ ತಾನೆ, ಸೇರಿಕೊಂಡೆ.

ತರಗತಿ ನಡೆಸುತ್ತಿದ್ದವರು ಸೌತ್ ಕೆರೊಲಿನಾ ಕಡೆಯ ನಿವೃತ್ತ ಮೇಡಂ. ಮಾತು ನಿಧಾನ, ಕಣ್ಣು ಚುರುಕು. ನಾನು ಗಣಿತ ಕಲಿಸಿದವಳು ಅಂತ ತಿಳಿದ ಮೇಲೆ ಅವರು ನನಗೊಂದು ಕೆಲಸ ಕೊಟ್ಟರು. ಯಾವುದೇ ಪಾಠವನ್ನು ತರಗತಿಗೆ ಕೊಡುವ ಮೊದಲು ಅದು ಎಷ್ಟನೇ ತರಗತಿಯವರು ಓದುವ ಮಟ್ಟದ್ದು ಎಂದು ಲೆಕ್ಕ ಹಾಕಬೇಕು. ಪಾಠದಿಂದ ನೂರು ಪದ ಎಣಿಸಿ, ಅದರಲ್ಲಿ ಎಷ್ಟು ವಾಕ್ಯ ಇವೆ, ಪದಗಳಲ್ಲಿ ಒಟ್ಟು ಎಷ್ಟು ಉಚ್ಚಾರಾಂಶ, ಅಂದರೆ ಸಿಲಬಲ್, ಇವೆ ಎಂದು ಬರೆದುಕೊಂಡು ಒಂದು ಸೂತ್ರಕ್ಕೆ ಹಾಕಬೇಕು. ವಾಕ್ಯ ಉದ್ದವಾದಷ್ಟೂ, ಪದಕ್ಕೆ ಬಾಯಿ ಹೆಚ್ಚು ಸಲ ಆಡಿದಷ್ಟೂ ಸೂತ್ರ ಮೇಲಿನ ತರಗತಿಯನ್ನು ತೋರಿಸುತ್ತದೆ. ಇದರ ಜೊತೆಗೆ ಎಲ್ಲರಿಗೂ ಗೊತ್ತಿರುವ ಮೂರು ಸಾವಿರ ಪದಗಳ ಒಂದು ಪಟ್ಟಿ. ಪಟ್ಟಿಯಲ್ಲಿ ಇಲ್ಲದ್ದು ಕಷ್ಟದ ಪದ.

ನನಗೆ ಸುಖವೋ ಸುಖ. ಮಧ್ಯಾಹ್ನ ಸೋಫಾದ ಮೇಲೆ ಕಾಲು ಚಾಚಿ, ಬೆರಳಿನಿಂದ ಮೊಣಕಾಲು ತಟ್ಟುತ್ತ ಉಚ್ಚಾರಾಂಶ ಎಣಿಸುತ್ತಿದ್ದೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಬೆರಳು ಮಾತ್ರ ತಟ್ಟುತ್ತಲೇ ಇರುತ್ತಿತ್ತು. ಪದಗಳ ಅರ್ಥ ಕರಗಿ ಹೋಗಿ ತಾಳ ಮಾತ್ರ ಉಳಿಯುತ್ತಿತ್ತು. ಬರೆದವರು ಏನು ಹೇಳಿದ್ದಾರೆ ಎಂಬುದು ಎಷ್ಟೋ ಸಲ ನನ್ನ ತಲೆಗೇ ಹೋಗುತ್ತಿರಲಿಲ್ಲ, ಅದು ಬೇಕು ಅಂತ ಅನಿಸುತ್ತಲೂ ಇರಲಿಲ್ಲ.

ತರಗತಿಯಲ್ಲಿ ಧಾರವಾಡ ಕಡೆಯ ಒಬ್ಬಾಕೆ ಇದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಕನ್ನಡ ಶಾಲೆಯಲ್ಲಿ ಓದಿದವಳು, ಗಂಡ ಎಂಜಿನಿಯರ್, ಇಬ್ಬರಿಗೂ ಗ್ರೀನ್ ಕಾರ್ಡ್ ಇತ್ತು. ಅವಳು ಒಂದು ಶಾಲೆಯ ಊಟದ ಅಡುಗೆಮನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಅಲ್ಲಿಯ ಕಿಚನ್ ಮ್ಯಾನೇಜರ್ ಕೆಲಸ ಖಾಲಿಯಾಗಿತ್ತು. ಅದಕ್ಕೆ ಆಹಾರ ಕೆಡದಂತೆ ಕಾಪಾಡುವ ಬಗ್ಗೆ ಲಿಖಿತ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಗೆ ಮೂರು ವಾರವಿತ್ತು. ಅವಳು ಆಸೆಯಿಂದ ಪರೀಕ್ಷೆಯ ಪುಸ್ತಕದಿಂದ, ಬಿಸಿ ಸೂಪನ್ನು ಆರಿಸಿಡುವ ಬಗೆ ಹೇಳುವ ಒಂದು ಪುಟ ತಂದು ನನ್ನ ಕೈಗಿಟ್ಟಳು.

ನೂರು ಪದಕ್ಕೆ ಐದೇ ವಾಕ್ಯ, ನೂರ ಐವತ್ತು ಉಚ್ಚಾರಾಂಶ. ಸೂತ್ರ ಹೇಳಿದ್ದು 9.91, ಅಂದರೆ ಹೆಚ್ಚುಕಡಿಮೆ ಹತ್ತನೇ ತರಗತಿ. ನಮ್ಮ ತರಗತಿ ಓದುತ್ತಿದ್ದುದು ನಾಲ್ಕರ ಮಟ್ಟದ್ದು. ನಾನು ಟೊಂಕ ಕಟ್ಟಿ ನಿಂತೆ. ಐದು ವಾಕ್ಯಗಳನ್ನು ತರಕಾರಿ ಹೆಚ್ಚಿದ ಹಾಗೆ ಹೆಚ್ಚಿ ಹತ್ತು ಮಾಡಿದೆ. ಬ್ಯಾಕ್ಟೀರಿಯಾ ಅನ್ನುವ ಪದ ಪಟ್ಟಿಯಲ್ಲಿ ಇರಲಿಲ್ಲ, ತೆಗೆದೆ. ಥರ್ಮಾಮೀಟರ್ ನಾಲ್ಕು ಸಲ ಬಾಯಿ ಆಡಿಸುತ್ತದೆ, ಅದರ ಜಾಗಕ್ಕೆ ಸಣ್ಣ ಇಂಗ್ಲಿಷ್ ಪದಗಳಲ್ಲಿ ಬಿಸಿ ಅಳೆಯುವ ಕಡ್ಡಿ ಬಂತು. ರೆಫ್ರಿಜರೇಟರ್ ಐದು, ಅದು ತಣ್ಣನೆಯ ಪೆಟ್ಟಿಗೆ ಆಯಿತು. ಮತ್ತೆ ಲೆಕ್ಕ ಹಾಕಿದರೆ 3.65. ಬೀಗಿದೆ. ನೀಟಾಗಿ ಟೈಪ್ ಮಾಡಿ, ಮೇಲೆ ಬಲಮೂಲೆಯಲ್ಲಿ ಆ ಅಂಕೆಯನ್ನು ಕೆಂಪು ಪೆನ್ನಿನಲ್ಲಿ ಬರೆದೆ.

ಶನಿವಾರ ಅವಳು ಅದನ್ನು ತಡವರಿಸದೆ ಓದಿದಳು. ಆಮೇಲೆ, ಸೂಪನ್ನು ಅಗಲದ ತಟ್ಟೆಗೆ ಯಾಕೆ ಸುರಿಯಬೇಕು ಅಂತ ಕೇಳಿದೆ. ಅವಳು ಹಾಳೆಯನ್ನು ಇನ್ನೊಮ್ಮೆ ಓದಿದಳು, ತಣ್ಣನೆಯ ಪೆಟ್ಟಿಗೆ ಅಂದರೆ ಯಾವುದು ಅಂತ ನನ್ನನ್ನೇ ಕೇಳಿದಳು. ನನಗೆ ಒಳಗೊಳಗೇ ಸಿಟ್ಟು. ಇಷ್ಟು ಸುಲಭ ಮಾಡಿಕೊಟ್ಟರೂ ಆಗದಿದ್ದರೆ ಏನು ಮಾಡಲಿ ಅನ್ನುವ ಮುಖ ಮಾಡಿದೆ. ಅವಳು ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡು ಹೋದಳು. ಮುಂದಿನ ಶನಿವಾರ ಬರಲಿಲ್ಲ.

ಫೋನ್ ಮಾಡಿದೆ. ಪರೀಕ್ಷೆಗೆ ಕೂರುವುದಿಲ್ಲ ಅಂದಳು. ಬಿಡಿಸಿ ಕೇಳಿದ ಮೇಲೆ ಹೇಳಿದಳು. ಶಾಲೆಯ ಪುಸ್ತಕಗಳ ಮೇಲೆ ಇಂಥದೇ ಅಂಕೆ ಕಂಡಿದ್ದ ನಾಲ್ಕನೇ ತರಗತಿಯ ಮಗಳು ಆ ಹಾಳೆಯ ಮೂಲೆಯ ಅಂಕೆ ನೋಡಿ, ಇದು ಥರ್ಡ್ ಗ್ರೇಡ್ ಪಾಠ, ನಾನು ಆಗಲೇ ದಾಟಿದ್ದೇನೆ ಅಂತ ಇಂಗ್ಲಿಷಿನಲ್ಲಿ ನಕ್ಕಿತ್ತಂತೆ.

“ಮೂರನೇತ್ತೇದ ಹಾಳೀನ ನನಗ ತಿಳೀಲಿಲ್ರಿ ಅಕ್ಕಾರ. ಪರೀಕ್ಷಾ ಎಲ್ಲಿ ಬರೀಲಿ? ನಂದು ದಡ್ಡ ತಲಿ, ಬಿಟ್ಟುಬಿಡ್ರಿ,” ಅಂದಳು.

ಫೋನ್ ಇಟ್ಟ ಮೇಲೆ ನನಗೆ ನಾಚಿಕೆಯಾಯಿತು. ಹಾಳೆಯ ನನ್ನ ಪ್ರತಿಯನ್ನು ಹಿಡಿದು ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಮೊದಲು ಪುಸ್ತಕದ ಪುಟ ಓದಿದರು, ಆಮೇಲೆ ನನ್ನದು. ಸೂತ್ರ ಎಣಿಸುವುದು ಕಾಗದದ ಮೇಲಿರುವುದನ್ನು, ಓದುವವಳಿಗೆ ಆಗಲೇ ಏನು ಗೊತ್ತಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ ಅಂದರು. ಅಂಕೆ ಕಲಿಸುವವರ ಜೇಬಿನಲ್ಲಿರಬೇಕು, ಹಾಳೆಯ ಮೇಲಲ್ಲ ಅಂತಲೂ ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದು ಪೈನ್ ಮರಗಳ ಎದುರು ಕೂತು ಎರಡನ್ನೂ ಓದಿದೆ, ಮೊದಲ ಸಲ ಬೆರಳು ತಟ್ಟದೆ. ಆಳದ ಪಾತ್ರೆಯಲ್ಲಿ ಸೂಪು ನಡುವೆ ಬಹಳ ಹೊತ್ತು ಬೆಚ್ಚಗೇ ಇರುತ್ತದೆ, ಆ ಬಿಸುಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆದ್ದರಿಂದ ಅದನ್ನು ಅಗಲದ ತಟ್ಟೆಗಳಿಗೆ ಸುರಿದು ಬೇಗ ಆರಿಸಬೇಕು ಅಂತ ಪುಸ್ತಕ ಒಂದೇ ಉದ್ದ ವಾಕ್ಯದಲ್ಲಿ ಹೇಳಿತ್ತು. ನಾನು ಹೆಚ್ಚುವಾಗ ‘ಆದ್ದರಿಂದ’ವನ್ನು ಸಿಪ್ಪೆ ಅಂತ ಎಸೆದಿದ್ದೆ. ನನ್ನ ಹಾಳೆಯಲ್ಲಿ ಸೂಪು ಒಂದು ಕಡೆ, ತಟ್ಟೆ ಒಂದು ಕಡೆ, ಒಂದಕ್ಕೊಂದು ಗುರುತೇ ಇಲ್ಲದವರ ಹಾಗೆ ಕೂತಿದ್ದವು.

ಭಾನುವಾರ ಮಧ್ಯಾಹ್ನ ಗಂಡನ ಕೈಲಿ ಡ್ರೈವ್ ಮಾಡಿಸಿಕೊಂಡು ಅವಳ ಮನೆಗೆ ಹೋದೆ. ಸ್ಟವ್ ಮೇಲೆ ಸಾರು ಕುದಿಯುತ್ತಿತ್ತು. ಡೈನಿಂಗ್ ಟೇಬಲ್ ಮೇಲೆ ಪುಸ್ತಕದ ಪುಟವನ್ನೇ ಇಟ್ಟು, ತಪ್ಪು ನನ್ನದು, ಇದನ್ನು ಓದು ಅಂದೆ. ಮಗಳು ಸೋಫಾದಲ್ಲಿ ಬಣ್ಣ ಹಚ್ಚುತ್ತಿತ್ತು. ತಾಯಿ ನಂಬದೆ ನನ್ನ ಮುಖ ನೋಡಿದಳು. ಆಮೇಲೆ ಸಾಲಿನ ಕೆಳಗೆ ಬೆರಳಿಟ್ಟು ಶುರು ಮಾಡಿದಳು. ನಿಧಾನ, ತಡವರಿಕೆ. ಬ್ಯಾಕ್ಟೀರಿಯಾದಲ್ಲಿ ಎಡವಲಿಲ್ಲ. ಥರ್ಮಾಮೀಟರ್ ಬಂದಾಗ ನಕ್ಕಳು.

“ಇದು ನನ್ನ ಏಪ್ರನ್ ಕಿಸೇದಾಗ ದಿನಾ ಇರ್ತೈತ್ರಿ. ಕಡ್ಡಿ ಅಂತ ಬರದಿದ್ರಿ ನೀವು.”

ಉದ್ದ ವಾಕ್ಯ ಮುಗಿಯುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಸ್ಟವ್ ಆರಿಸಿ, ಕಪಾಟಿನಿಂದ ಅಗಲದ ಸ್ಟೀಲ್ ಟ್ರೇ ತೆಗೆದು ಸಾರನ್ನು ಸುರಿದಳು. ಆಳದ ಪಾತ್ರೆಯಲ್ಲೇ ಬಿಟ್ಟರೆ ನಡುವೆ ಏನಾಗುತ್ತದೆ ಅಂತ ಸೌಟು ಹಿಡಿದು ನನಗೆ ಪಾಠ ಮಾಡಿದಳು. ಹಬೆ ಎದ್ದು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿತ್ತು. ನಾನು ಮಂಪರಿನಲ್ಲಿದ್ದವಳ ಹಾಗೆ ಕೇಳುತ್ತ ನಿಂತೆ.

ಪಾಠ ಮುಗಿಸಿ ಕೈ ಒರೆಸಿಕೊಂಡು, ಇದು ಎಷ್ಟನೇ ತರಗತಿಯದು ಅಂತ ಕೇಳಿದಳು. ಹೇಳಬಾರದು ಅಂತ ಮೇಡಂ ಅಂದಿದ್ದರು. ಹೇಳಿದೆ, ಹತ್ತನೇದು.

ಅವಳು ಡ್ರಾಯರ್ ಎಳೆದು ಒಂದು ಪೆನ್ನು ಹುಡುಕಿ ನನ್ನ ಮುಂದೆ ಇಟ್ಟಳು.

“ಮೂಲ್ಯಾಗ ಬರೀರಿ ಅಕ್ಕಾರ, ಆವತ್ತಿನಂಗ, ದೊಡ್ಡದಾಗಿ. ನನ್ನ ಮಗಳು ನೋಡ್ಲಿ.”