ಶನಿವಾರದೊಳಗೆ ಹಾಕಬೇಕಾಗಿದ್ದ ಜಾಲರಿ

ಭದ್ರಾವತಿಯ ದೊಡ್ಡ ಕಾರ್ಖಾನೆಗಳ ಆಶ್ರಯದಲ್ಲಿ ಆಗ ಹತ್ತಾರು ಸಣ್ಣ ವರ್ಕ್‌ಶಾಪುಗಳು ಬದುಕುತ್ತಿದ್ದವು. ಅಂಥದ್ದೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಈಗ ಅದು ಮುಚ್ಚಿಹೋಗಿದೆ, ಅದರ ಹೆಸರು ಕಟ್ಟಿಕೊಂಡು ಯಾರಿಗೂ ಏನೂ ಆಗಬೇಕಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ನನ್ನ ಬಾಡಿಗೆ ಕೋಣೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಬಸ್ಸಿನಲ್ಲೇ ವಾಪಸು.

ಹಾಜರಿ ಪುಸ್ತಕ, ಪತ್ರವ್ಯವಹಾರ ಎಲ್ಲ ನನ್ನದೇ. ಯಾರಿಗಾದರೂ ಪೆಟ್ಟಾದರೆ ಅಪಘಾತದ ವರದಿ ಬರೆಯುವುದೂ ನನ್ನ ತಲೆಗೇ ಕಟ್ಟಿತ್ತು. ಏನಾಯಿತು, ಏಕಾಯಿತು ಎಂದು ಎರಡು ಕಲಮು. ಕೊನೆಯದು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂಬುದು. ಮೊದಲೆರಡನ್ನು ತುಂಬುವಷ್ಟರಲ್ಲಿ ಎಲ್ಲರಿಗೂ ಸಾಕಾಗಿರುತ್ತಿತ್ತು. ಕೊನೆಯದಕ್ಕೆ ಹಳೆಯ ವರದಿಯಿಂದ ಒಂದು ಸಾಲು ಎತ್ತಿ ಹಾಕುವುದು ರೂಢಿ. ನಾನೂ ಹಾಗೆಯೇ ಎಷ್ಟೋ ಸಲ ಹಾಕಿದ್ದೆ.

ಒಂದು ದಿನ ಡ್ರಿಲ್ಲಿಂಗ್ ಮೆಷಿನ್ನಿನವನ ಎರಡು ಬೆರಳ ತುದಿ ಹೋಯಿತು. ಕೆಳಗೆ ಬಿದ್ದ ಸ್ಪ್ಯಾನರ್ ಎತ್ತಲು ಬಗ್ಗಿದ್ದಾನೆ, ಕೈ ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿದೆ. ಅಲ್ಲಿ ಇರಬೇಕಾಗಿದ್ದ ತಂತಿ ಜಾಲರಿಯ ಗಾರ್ಡು ಇರಲಿಲ್ಲ. ಏಕಿರಲಿಲ್ಲ ಎಂದು ಕೇಳಿದರೆ ಎಲ್ಲರೂ ಆಕಾಶ ನೋಡಿದರು. ನಿಜ ಹೇಳಿದವರು ಮೆಷಿನ್ನುಗಳಿಗೆ ಎಣ್ಣೆ ಹಾಕುವ ಸಾಬರು. ಮಲವಗೊಪ್ಪದಲ್ಲಿ ಬಸ್ಸು ಹತ್ತಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ, ನನಗಿಂತ ನಾಲ್ಕೈದು ವರ್ಷ ದೊಡ್ಡವರಾದ ಸಜ್ಜನ.

"ಆ ಗಾರ್ಡಿಗೆ ಎಂಟು ಬೋಲ್ಟು ಸ್ವಾಮಿ. ಒಳಗಿರೋ ಬೇರಿಂಗಿಗೆ ದಿನಕ್ಕೆ ಎರಡು ಸಲ ಎಣ್ಣೆ ಬಿಡ್ಬೇಕು. ಎರಡು ಸಲ ಎಂಟು ಬೋಲ್ಟು ಬಿಚ್ಚಿ ಹಾಕೋಕೆ ಯಾರು ಬಿಡ್ತಾರೆ? ಒಂದಿನ ಬಿಚ್ಚಿ ಗೋಡೆಗೆ ಒರಗಿಸಿಟ್ರು. ಆಮೇಲೆ ಅದು ಗುಜರಿಗೆ ಹೋಯ್ತು."

"ಮೆಷಿನ್ ನಿಲ್ಸಿ ಎಣ್ಣೆ ಬಿಡೋದಲ್ವಾ ಸಾಬ್ರೇ?"

"ಮೇಲಿನ ಶಾಫ್ಟು ನಿಲ್ಸಿದ್ರೆ ಆರೂ ಮೆಷಿನ್ನು ನಿಲ್ತವೆ. ಓಡ್ತಿರೋವಾಗ್ಲೇ ಬಿಡ್ಬೇಕು."

ಆ ವಾರ ನನಗೆ ಯಾವ ದೇವರು ಬುದ್ಧಿ ಕೊಟ್ಟನೋ, ಹಳೆಯ ಸಾಲನ್ನು ಎತ್ತಿ ಹಾಕಲಿಲ್ಲ. ಕೂತು ಬರೆದೆ. ಡ್ರಿಲ್ಲಿಂಗ್ ಮೆಷಿನ್ನಿಗೆ ಹೊಸ ಜಾಲರಿ, ಅದಕ್ಕೆ ಕೀಲಿನ ಬಾಗಿಲು. ಬೇರಿಂಗಿನಿಂದ ಒಂದು ಸಣ್ಣ ಕೊಳವೆಯನ್ನು ಜಾಲರಿಯ ಹೊರಗೆ ತರುವುದು, ಎಣ್ಣೆ ಅಲ್ಲಿಂದಲೇ ಬಿಡುವುದು. ಮಾಡುವವರು ಫೋರ್‌ಮನ್, ಬರುವ ಶನಿವಾರದೊಳಗೆ. ಅಲ್ಲಿಯವರೆಗೆ ಆ ಮೆಷಿನ್ನಿನ ಬೆಲ್ಟು ಇಳಿಸಿಡತಕ್ಕದ್ದು. ಉಳಿದ ಐದು ಮೆಷಿನ್ನುಗಳ ಬೆಲ್ಟುಗಳಿಗೂ ಇದೇ ಬಗೆಯ ಜಾಲರಿ, ತಿಂಗಳ ಕೊನೆಯೊಳಗೆ, ಹಿರಿಯ ಫಿಟ್ಟರ್. ಸೋಮವಾರ ನಾನೇ ಹೋಗಿ ನೋಡಿ, ಆಗಿದೆಯೋ ಇಲ್ಲವೋ ಬರೆಯುವುದು. ಎಲ್ಲರ ಹೆಸರೂ ಇತ್ತು, ತಾರೀಖೂ ಇತ್ತು. ಬರೆದು ಮುಗಿಸಿದಾಗ ಹೆಮ್ಮೆಯಾಯಿತು.

ಮ್ಯಾನೇಜರರ ಮೇಜಿಗೆ ಹೋಗುವ ಮೊದಲು ಅದನ್ನು ಫೋರ್‌ಮನ್ನರಿಗೆ ತೋರಿಸಿದೆ. ನನಗೆ ಈ ಕೆಲಸ ಕೊಡಿಸಿದವರೇ ಅವರು. ಶಿವಮೊಗ್ಗದಲ್ಲಿ ಅವರ ಮನೆಯಲ್ಲಿ ಎಷ್ಟೋ ಭಾನುವಾರ ಉಂಡಿದ್ದೇನೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಇದು ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೂ ಹೋಗುತ್ತೆ ಅಲ್ವಾ?"

"ಒಂದು ಪ್ರತಿ ಹೋಗುತ್ತೆ."

"ನಾನು ಮಾಡಲ್ಲ ಅಂದ್ನಾ ಮಾರಾಯ? ಮಾಡ್ತೀನಿ. ಹೆಸರ್ಯಾಕೆ, ತಾರೀಖ್ಯಾಕೆ? ಶನಿವಾರ ಜಾಲರಿಗೆ ಮೆಶ್ಶು ಸಿಗದೆ ಇದ್ರೆ ಸೋಮವಾರ ನಾನು ಕಳ್ಳ ಆಗ್ತೀನಿ."

ನನಗೆ ನಾಚಿಕೆಯಾಯಿತು. ಹಿರಿಯರ ಹೆಸರು ಬರೆದು ಅದರ ಮುಂದೆ ಇಂಥ ದಿನದೊಳಗೆ ಎಂದು ಹಾಕುವುದು ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಎಂದೇ ನಮ್ಮಲ್ಲಿ ಎಲ್ಲರೂ ತಿಳಿಯುತ್ತಿದ್ದರು. ನಾನೂ ಹಾಗೆಯೇ ತಿಳಿದೆ. ಅವರೆದುರಿಗೇ ಹಾಳೆ ಹರಿದು ಹೊಸದಾಗಿ ಬರೆದೆ: ಸಂಬಂಧಪಟ್ಟವರು ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು, ಕೆಲಸಗಾರರಿಗೆ ಎಚ್ಚರಿಕೆಯಿಂದಿರಲು ಸೂಚಿಸಲಾಗಿದೆ. ಅವರು ಬೆನ್ನು ತಟ್ಟಿದರು. ಮ್ಯಾನೇಜರು ಓದದೆಯೇ ರುಜು ಹಾಕಿದರು. ಫೋರ್‌ಮನ್ನರ ಹೆಸರಿನ ಜೊತೆಗೆ ನಾನು ಹೋಗಿ ನೋಡಬೇಕಾಗಿದ್ದ ಸೋಮವಾರವೂ ಕಸದ ಬುಟ್ಟಿಗೆ ಹೋಗಿತ್ತು. ಹಾಗೆ ಹೋದದ್ದು ನನಗೆ ಹಿತವಾಗಿಯೇ ಇತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಮರುದಿನವೇ ಮೆಷಿನ್ ಓಡಿತು. ಮೆಶ್ಶನ್ನು ಸ್ಟೋರಿನವನು ತರಿಸುತ್ತಾನೆ ಎಂದು ಫೋರ್‌ಮನ್ ಅಂದುಕೊಂಡರು. ಫೋರ್‌ಮನ್ ಬೇಡಿಕೆ ಚೀಟಿ ಕಳಿಸಲಿ ಎಂದು ಸ್ಟೋರಿನವನು ಕೂತ. ಇಬ್ಬರೂ ಒಳ್ಳೆಯವರೇ. ವಾರ ಕಳೆಯಿತು, ತಿಂಗಳು ಕಳೆಯಿತು.

ಒಮ್ಮೆ ಬಸ್ಸಿನಲ್ಲಿ ಸಾಬರು ಕೇಳಿದರು. "ಗಾರ್ಡಿನ ವಿಷಯ ಬರೆದ್ರಾ ಸ್ವಾಮಿ?"

"ಬರೆದಿದೀನಿ. ಸಂಬಂಧಪಟ್ಟವರು ಹಾಕ್ತಾರೆ."

"ಅವ್ರು ಯಾವ ಶಿಫ್ಟಿಗೆ ಬರ್ತಾರೆ?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು.

ಮುಂದಿನ ತಿಂಗಳು ಒಂದು ಮಧ್ಯಾಹ್ನ, ಅದೇ ಬೇರಿಂಗಿಗೆ ಎಣ್ಣೆ ಬಿಡುವಾಗ, ಅವರ ಅಂಗಿಯ ತೋಳನ್ನು ಅದೇ ಬೆಲ್ಟು ಹಿಡಿಯಿತು. ಶಾಫ್ಟು ನಿಲ್ಲಿಸುವಷ್ಟರಲ್ಲಿ ಬಲಗೈ ಮೊಣಕೈವರೆಗೆ ಮುಗಿದುಹೋಗಿತ್ತು.

ಐದನೆಯ ದಿನ ಶಿವಮೊಗ್ಗದ ಆಸ್ಪತ್ರೆಗೆ ಸಾಬರ ಹೇಳಿಕೆ ಬರೆದುಕೊಳ್ಳಲು ಹೋದೆ. ಉರ್ದುವಿನಲ್ಲಿ ಚೆಂದವಾಗಿ ರುಜು ಹಾಕುತ್ತಿದ್ದ ಮನುಷ್ಯ. ಎಡಗೈಯ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಕಾಗದದ ಮೇಲಿಟ್ಟರು. ಬೆರಳು ಒರೆಸಿಕೊಳ್ಳಲು ಅವರಿಗೆ ಇನ್ನೊಂದು ಕೈ ಇರಲಿಲ್ಲ, ನಾನೇ ಒರೆಸಿದೆ.

"ಈ ಸಲ ಹೆಸರು ಹಾಕಿ ಸ್ವಾಮಿ," ಎಂದರು. "ಯಾರದ್ದಾದ್ರೂ ಸರಿ."

ಹಾಕಿದೆ. ಮೊದಲು ಬರೆದು ಹರಿದಿದ್ದನ್ನೆಲ್ಲ ನೆನಪಿನಿಂದ ಮತ್ತೆ ಬರೆದೆ, ಹೆಸರು, ತಾರೀಖು ಸಮೇತ. ಮ್ಯಾನೇಜರು ಈ ಸಲ ಓದಿದರು. ಓದಿ ಹಳೆಯ ವರದಿ ತರಿಸಿದರು. ಕೆಲಸಗಾರರಿಗೆ ಎಚ್ಚರಿಕೆಯಿಂದಿರಲು ಸೂಚಿಸಲಾಗಿದೆ ಎಂಬ ನನ್ನ ಸಾಲಿನ ಮೇಲೆ ಬೆರಳಿಟ್ಟರು.

"ಸೂಚನೆ ಕೊಟ್ಟಿದ್ದೀವಲ್ರೀ. ಆತ ಪಾಲಿಸಿಲ್ಲ. ಕಾರಣ ಅಂತ ಅದನ್ನೇ ಹಾಕಿ. ಈ ಹೆಸರು ಗಿಸರು ಎಲ್ಲ ತೆಗೀರಿ."

ಕೆಲಸಗಾರನ ಅಜಾಗರೂಕತೆ ಎಂದು ನನ್ನ ಕೈಯಾರೆ ಬರೆದೆ. ಬೇಡ ಎನ್ನಬಹುದಾಗಿತ್ತು. ಕೆಲಸ ಹೋಗುತ್ತದೆಂಬ ಹೆದರಿಕೆ, ಬೇರೇನೂ ಅಲ್ಲ. ಅವತ್ತಿನಿಂದ ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇವತ್ತಿಗೂ ಹೋಗಿಲ್ಲ.

ಅದೇ ಮಧ್ಯಾಹ್ನ ಫೋರ್‌ಮನ್ ಯಾರನ್ನೂ ಕೇಳದೆ ಗುಜರಿಯಿಂದ ಕಬ್ಬಿಣದ ಪಟ್ಟಿ ಎಳೆದು, ಸ್ಟೋರಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮೆಶ್ಶು ಕತ್ತರಿಸಿ, ಗಾರ್ಡು ಮಾಡಿದರು. ಕೀಲಿನ ಬಾಗಿಲು, ಹೊರಗೆ ಬಂದ ಕೊಳವೆ, ಎಲ್ಲ ನಾನು ಬರೆದಿದ್ದ ಹಾಗೆಯೇ. ಸಂಜೆ ಗ್ರೀಸು ಮೆತ್ತಿದ ಕೈಯಲ್ಲೇ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮೂರು ಗಂಟೆ ಕೆಲಸ ಮಾರಾಯ," ಎಂದರು. ಕೈಯ ಗ್ರೀಸನ್ನು ಚಿಂದಿಗೆ ಒರೆಸುತ್ತಾ, "ನಾನು ಕೇಳ್ದೆ ಅಂತ ನೀನು ಹೆಸರು ತೆಗೀಬಾರದಿತ್ತು," ಎಂದರು.

ಅವರ ಕಣ್ಣು ತುಂಬಿತ್ತು. ಇಬ್ಬರೂ ಒಟ್ಟಿಗೇ ಹೊರಬಿದ್ದು ಒಂದೇ ಬಸ್ಸು ಹತ್ತಿದೆವು. ಉಳಿದ ಐದು ಮೆಷಿನ್ನುಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.