ಬಚ್ಚಲ ಮಾಡಿಗೆ ಹೋದ ಹಲ್ಲಿನ ಕ್ಯಾಪು

ಮೇದಪ್ಪನ ಎದುರು ಹಲ್ಲಿನ ಕ್ಯಾಪು ಕಳಚಿ ಬಿದ್ದದ್ದು ಭಾನುವಾರ ಬೆಳಿಗ್ಗೆ. ಬೀಳಬೇಕಾದರೆ ವಾರದಲ್ಲಿ ಬೇರೆ ದಿನವೇ ಇರಲಿಲ್ಲವೇ ಎಂದು ಸೀತುವಿಗೆ ಮೈಯೆಲ್ಲ ಉರಿಯಿತು. ಮಧ್ಯಾಹ್ನ ಕಾಣಿಯೂರಿನ ಮೈದಾನದಲ್ಲಿ ಕಬಡ್ಡಿ ಪಂದ್ಯ, ಅದಕ್ಕೆ ಮೈಕ್ ಹಿಡಿಯುವವನು ತನ್ನ ಗಂಡ. ಆ ಗಂಡ ಬೆಳಿಗ್ಗೆ ಎದ್ದವನೇ ಚಾ ಆಗುವವರೆಗೂ ತಡೆಯಲಾರದೆ, ಡಬ್ಬಿಯಲ್ಲಿದ್ದ ನೆಲಗಡಲೆ ಚಿಕ್ಕಿಯನ್ನು ಎದುರು ಹಲ್ಲಿನಲ್ಲಿ ಕಚ್ಚಿ ಎಳೆದಿದ್ದ. ಚಿಕ್ಕಿಯ ಜೊತೆ ಕ್ಯಾಪೂ ಬಂತು.

"ಎದುರು ಹಲ್ಲಲ್ಲಿ ಗಟ್ಟಿಯದ್ದು ಕಚ್ಚಬೇಡಿ ಅಂತ ಡಾಕ್ಟ್ರು ಹೇಳಿದ್ದು ನಿಮಗಾ, ಗೋಡೆಗಾ?" ಎಂದು ಸೀತು ಕೇಳಿದಳು.

ಮೇದಪ್ಪ ಬಲಗೈಯನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದ. ಆ ಕೈ ನೋಡಿದ ಕೂಡಲೇ ಸೀತುವಿನ ಸಿಟ್ಟಿಗೆ ಒಂದಿಷ್ಟು ಹೆದರಿಕೆಯೂ ಸೇರಿಕೊಂಡಿತು.

ಆ ಕೈಯ ಕತೆ ಅವಳಿಗೆ ಚೆನ್ನಾಗಿ ಗೊತ್ತು. ಮೇದಪ್ಪ ಬೆಳ್ಳಾರೆ ಕಡೆಯ ಒಳ್ಳೆಯ ಕಬಡ್ಡಿ ಆಟಗಾರನಾಗಿದ್ದವನು. ಮದುವೆಗೆ ಮೊದಲೇ ಯಾವುದೋ ಪಂದ್ಯದಲ್ಲಿ ಎದುರಾಳಿಯ ಮೊಣಕೈ ತಾಗಿ ಎದುರು ಹಲ್ಲು ಅರ್ಧಕ್ಕೆ ಮುರಿದಿತ್ತು. ಹೆಣ್ಣು ನೋಡಲು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದ; ಪಾಪ, ನಾಚಿಕೆ ಸ್ವಭಾವದವನು ಎಂದು ಸೀತು ಒಪ್ಪಿಕೊಂಡಳು. ಮದುವೆಯಾದ ಮೇಲೆ ತಿಳಿಯಿತು, ನಾಚಿಕೆ ಸ್ವಭಾವದ್ದಲ್ಲ, ಹಲ್ಲಿನದ್ದು. ನಗುವಾಗ ಕೈ, ಉಣ್ಣುವಾಗ ಕೈ, ಅಂಗಡಿಯಲ್ಲಿ ಸಾಮಾನು ಕೇಳುವಾಗಲೂ ಕೈ. ಮನೆಯಲ್ಲಿ ಮಾತು ಕಮ್ಮಿ, ಹೊರಗೆ ಇನ್ನೂ ಕಮ್ಮಿ. ಹಾಗೆ ಎಷ್ಟೋ ವರ್ಷ ಕಳೆಯಿತು. ಕೊನೆಗೊಮ್ಮೆ ಅವಳೇ ಹಠ ಹಿಡಿದು ಪುತ್ತೂರಿಗೆ ಎಳೆದುಕೊಂಡು ಹೋಗಿ, ಡಾಕ್ಟರ್ ಫಯಾಝ್ ಹತ್ತಿರ ಬೇರಿನ ಚಿಕಿತ್ಸೆ ಮಾಡಿಸಿ ಕ್ಯಾಪು ಹಾಕಿಸಿದಳು. ಅದಾದ ಮೇಲೆ ಅವನ ಬಾಯಿ ತೆರೆದದ್ದು ತೆರೆದೇ ಹೋಯಿತು. ಊರಿನ ಪಂದ್ಯವೊಂದರಲ್ಲಿ ಯಾರೋ ಸುಮ್ಮನೆ ಮೈಕ್ ಕೊಟ್ಟರು. ಈಗ ಸುಳ್ಯ, ಪುತ್ತೂರು, ಕಡಬದ ಯಾವ ಮೈದಾನದಲ್ಲಿ ಕಬಡ್ಡಿಯಿದ್ದರೂ ವೀಕ್ಷಕ ವಿವರಣೆಗೆ ಮೇದಪ್ಪನೇ ಆಗಬೇಕು. ಮನೆಯಲ್ಲಿಯೂ ಬಾಯಿ ನಿಲ್ಲುವುದಿಲ್ಲ ಎಂದು ಸೀತು ದೂರುತ್ತಾಳೆ. ದೂರುವುದು ಬಾಯಿಮಾತಿಗೆ.

"ನಾನು ಹೋಗುದಿಲ್ಲ," ಎಂದ ಮೇದಪ್ಪ ಕೈಯ ಹಿಂದಿನಿಂದ. "ಸಂಪ್ರೀತನಿಗೆ ಫೋನ್ ಮಾಡಿ ಹೇಳು, ಜ್ವರ ಅಂತ." ಸಂಪ್ರೀತ ಪಂದ್ಯ ನಡೆಸುವವನು.

"ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ಮೊದಲು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಕ್ಯಾಪು ಎಲ್ಲುಂಟು?"

ಕ್ಯಾಪು ಬಚ್ಚಲ ಕಟ್ಟೆಯ ಮೇಲೆ ಸ್ಟೀಲಿನ ಮುಚ್ಚಳದಲ್ಲಿದೆ ಎಂದು ಅವನು ಕೈಯಲ್ಲೇ ತೋರಿಸಿದ. ಸೀತು ಬಿಸಿನೀರಿಗೆ ಉಪ್ಪು ಹಾಕಿ ತರುವಷ್ಟರಲ್ಲಿ ಅವನು ಒಳಗಿನ ಕಪಾಟಿನ ಡ್ರಾಯರು ಕೆದಕುತ್ತಿದ್ದ. ಕೈಯಲ್ಲಿ ಚಪ್ಪಲಿ ಅಂಟಿಸುವ ಗಮ್ಮಿನ ಟ್ಯೂಬು.

"ಎಂತ ಮಾಡ್ತಾ ಇದ್ದೀರಿ?"

"ಒಂದು ಹನಿ ಸಾಕು. ಎರಡು ನಿಮಿಷದ ಕೆಲಸ."

ಸೀತು ಟ್ಯೂಬನ್ನು ಕಿತ್ತುಕೊಂಡು ಸೆರಗಿಗೆ ಕಟ್ಟಿದಳು. ಕಳೆದ ವರ್ಷ ತನ್ನ ದವಡೆ ಹಲ್ಲಿನ ಫಿಲ್ಲಿಂಗ್ ಬಿದ್ದಾಗ ಈ ಮಹಾರಾಯ ಮೇಣ ಕರಗಿಸಿ ತುಂಬಿಸುತ್ತೇನೆ ಎಂದು ಹೊರಟದ್ದು ಅವಳಿಗೆ ನೆನಪಿತ್ತು. ಆಗಲೂ ಡಾಕ್ಟರಿಗೆ ಫೋನ್ ಮಾಡಿದ ಮೇಲೆಯೇ ದಾರಿ ಕಂಡದ್ದು: ಗುಳಿಯಲ್ಲಿ ಅನ್ನ ಸಿಕ್ಕಿಕೊಳ್ಳದ ಹಾಗೆ ಮುಕ್ಕಳಿಸು, ಆ ಬದಿಯಲ್ಲಿ ಅಗಿಯಬೇಡ, ತಣ್ಣಗಿನದ್ದು ಕುಡಿಯಬೇಡ, ನೋವಿದ್ದರೆ ಹತ್ತಿಯ ತುದಿಗೆ ಲವಂಗದ ಎಣ್ಣೆ ಹಚ್ಚಿ ಹಲ್ಲಿಗೆ ಮಾತ್ರ ಮುಟ್ಟಿಸು, ನೋವಿನ ಮಾತ್ರೆಯನ್ನು ನುಂಗು, ವಸಡಿನ ಮೇಲೆ ಇಟ್ಟುಕೊಳ್ಳಬೇಡ. ಅಷ್ಟನ್ನು ಮಾಡಿಕೊಂಡು ಸೋಮವಾರದವರೆಗೆ ತಡೆದಿದ್ದಳು.

ಈಗಲೂ ಫಯಾಝ್ ಡಾಕ್ಟರಿಗೇ ಫೋನ್ ಮಾಡಿದಳು. ಅವರು ಯಾವುದೋ ಮದುವೆ ಹಾಲಿನಲ್ಲಿದ್ದರು. ಗಲಾಟೆಯ ನಡುವೆಯೂ ಕೇಳಿದರು, "ನೋವು ಉಂಟಾ?"

"ಇಲ್ಲ ಡಾಕ್ಟ್ರೇ. ಸಿಟ್ಟು ಉಂಟು, ಅದು ನನಗೆ."

"ಬೇರಿನ ಚಿಕಿತ್ಸೆ ಆದ ಹಲ್ಲು, ನೋವಿರ್ಲಿಕ್ಕಿಲ್ಲ. ಕ್ಯಾಪಿನ ಒಳಗೆ ನೋಡಿ, ಟೊಳ್ಳು ಉಂಟಾ, ಹಲ್ಲಿನ ತುಂಡು ಸಿಕ್ಕಿಕೊಂಡದ್ದು ಉಂಟಾ? ಟೊಳ್ಳಿದ್ದರೆ ಅದನ್ನೇ ಪುನಃ ಕೂರಿಸ್ಲಿಕ್ಕೆ ಆಗ್ಬಹುದು. ಒಡೆಯದ ಹಾಗೆ ಇಡಿ, ಕಳೆದು ಹಾಕ್ಬೇಡಿ. ನಾಳೆ ಬೆಳಿಗ್ಗೆ ಬನ್ನಿ, ವಾರಗಟ್ಟಲೆ ಬಿಟ್ಟರೆ ಪಕ್ಕದ ಹಲ್ಲು ಸರಿದು ಕ್ಯಾಪು ಕೂರುದಿಲ್ಲ. ಮತ್ತೆ, ಆ ಗಮ್ಮು ಗಿಮ್ಮು ಹಾಕುವ ಅಂದಾಜು ಉಂಟಾ ಅವರಿಗೆ?"

"ಟ್ಯೂಬು ನನ್ನ ಸೆರಗಲ್ಲಿ ಉಂಟು."

"ಅಲ್ಲೇ ಇರ್ಲಿ. ವಸಡು ಸುಡ್ತದೆ, ಕ್ಯಾಪು ವಾರೆ ಕೂತರೆ ಮತ್ತೆ ನಾನು ಕಿತ್ತು ತೆಗಿಬೇಕಾಗ್ತದೆ."

ಕ್ಯಾಪಿನ ಒಳಗೆ ನೋಡೋಣವೆಂದು ಸೀತು ಫೋನ್ ಹಿಡಿದೇ ಬಚ್ಚಲಿಗೆ ಹೋದಳು. ಕಟ್ಟೆಯ ಮೇಲೆ ಮುಚ್ಚಳವಿತ್ತು. ಮುಚ್ಚಳದಲ್ಲಿ ಏನೂ ಇರಲಿಲ್ಲ.

ಅತ್ತೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಂಬತ್ತು ದಾಟಿದ ಜೀವ, ಕಣ್ಣು ಮಂಜು, ಕೈ ಮಾತ್ರ ಚುರುಕು.

"ಅತ್ತೇ, ಮುಚ್ಚಳದಲ್ಲಿ ಒಂದು ಹಲ್ಲಿತ್ತು, ನೋಡಿದ್ರಾ?"

"ನೋಡಿದೆ. ಪುಳ್ಳಿಯದ್ದಲ್ವಾ? ನಿಮಗೆ ಒಬ್ಬರಿಗೂ ನೆನಪಿಲ್ಲ, ಹಲ್ಲನ್ನು ಹಾಗೆ ಕಟ್ಟೆಯಲ್ಲಿ ಇಡುದಾ? ನಾನೇ ಮಾಡಿಗೆ ಎಸೆದೆ. ಹಳೆ ಹಲ್ಲು ತಕೋ, ಹೊಸ ಹಲ್ಲು ಕೊಡು ಅಂತ ಹೇಳಿಯೇ ಎಸೆದೆ."

ಸೀತುವಿನ ಮಗಳು ಸುಪ್ರಿತಾಳ ಮಗು, ಅತ್ತೆಯ ಪುಳ್ಳಿ, ರಜೆಗೆ ಬಂದಿದ್ದಾಗ ಎರಡು ಹಾಲುಹಲ್ಲು ಬಿದ್ದಿದ್ದವು. ಎರಡನ್ನೂ ಶಾಸ್ತ್ರಪ್ರಕಾರ ಬಚ್ಚಲ ಹಂಚಿನ ಮಾಡಿಗೆ ಎಸೆದವರು ಈ ಅಜ್ಜಿಯೇ. ಮಗು ಊರಿಗೆ ವಾಪಸು ಹೋದದ್ದು ಅವರ ನೆನಪಿನಿಂದ ಜಾರಿತ್ತು, ಶಾಸ್ತ್ರ ಜಾರಿರಲಿಲ್ಲ. ಸೀತುವಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ಅದು ನಿಮ್ಮ ಮಗನದ್ದು ಅತ್ತೇ!"

"ಅವನಿಗೆ ಈ ಪ್ರಾಯದಲ್ಲಿ ಹಾಲುಹಲ್ಲಾ?" ಎಂದು ಅತ್ತೆ ಎಲೆ ಬಾಯಿಗಿಟ್ಟರು.

ಏಣಿ ಬಂತು. ಮೇದಪ್ಪ ಹತ್ತಿದ, ಹತ್ತುವಾಗಲೂ ಒಂದು ಕೈ ಬಾಯಿಗೆ. "ಆ ಕೈ ಬಿಟ್ಟು ಏಣಿ ಹಿಡೀರಿ, ಇಲ್ಲಿ ನೋಡ್ಲಿಕ್ಕೆ ಯಾರಿದ್ದಾರೆ?" ಎಂದು ಸೀತು ಕೆಳಗಿನಿಂದ ಕಿರುಚಿದಳು. ಹಂಚಿನ ಸಾಲುಗಳಲ್ಲಿ ತರಗೆಲೆ, ಪಾಚಿ, ಮೊಮ್ಮಗಳ ಒಂದು ಹಾಲುಹಲ್ಲು. ಕ್ಯಾಪಿಲ್ಲ. ಅವನು ಒಂದು ಹಂಚು ಒಡೆದು ಕೆಳಗಿಳಿದ. ಸೀತು ತಾನೇ ಹತ್ತಿ, ಮಾಡಿನ ಅಂಚಿಗೆ ಮಳೆನೀರು ಹರಿಯಲು ಕಟ್ಟಿದ್ದ ಸೀಳಿದ ಪೈಪಿನ ಕಸವನ್ನು ಮುಷ್ಟಿ ಮುಷ್ಟಿಯಾಗಿ ಮೊರಕ್ಕೆ ಹಾಕಿ, ಕೆಳಗೆ ತಂದು ಅಕ್ಕಿ ಆರಿಸುವ ಹಾಗೆ ಆರಿಸಿದಳು. ಕೊಳೆತ ಎಲೆಯ ನಡುವೆ ಕ್ಯಾಪು ಸಿಕ್ಕಿತು. ಒಡೆದಿರಲಿಲ್ಲ, ಒಳಗೆ ಟೊಳ್ಳಿತ್ತು.

ತಟ್ಟೆಯ ಮೇಲೆ ಹಿಡಿದು, ಜಾರಿ ಮೋರಿಗೆ ಹೋಗದ ಹಾಗೆ, ಹಳೆ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ ತೊಳೆದಳು. ಪುನಃ ಡಾಕ್ಟರಿಗೆ ಫೋನ್. ಅವರು ಬಿರಿಯಾನಿಗೆ ಕೂತಿದ್ದರು, ಆದರೂ ಹೇಳಿದರು. ಮೆಡಿಕಲಿನಲ್ಲಿ ಕ್ಯಾಪು ಕೂರಿಸುವ ತಾತ್ಕಾಲಿಕ ಸಿಮೆಂಟ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಹಲ್ಲುಸೆಟ್ಟಿಗೆ ಹಚ್ಚುವ ಪೇಸ್ಟು. ಮೊದಲು ಏನೂ ಹಚ್ಚದೆ ಕೂರಿಸಿ ನೋಡಬೇಕು. ಸರಿ ಕೂರದಿದ್ದರೆ ಒತ್ತಿ ತುರುಕಬಾರದು. ಕೂತರೆ ಒಳಗೆ ಸ್ವಲ್ಪ ಹಚ್ಚಿ, ಮೆಲ್ಲಗೆ ಕಚ್ಚಿ ಹಿಡಿದು, ಹೊರಗೆ ಬಂದದ್ದನ್ನು ಒರೆಸಬೇಕು. ಅದರಲ್ಲಿ ಏನೂ ಕಚ್ಚಬಾರದು. ಮಲಗುವಾಗ ತೆಗೆದಿಡಬೇಕು.

ಫೋನಿಗೆ ಕಿವಿಗೊಟ್ಟು ಪಕ್ಕದಲ್ಲೇ ನಿಂತಿದ್ದ ಮೇದಪ್ಪನ ಮುಖ ಅರಳಿತು. ಸೀತು ಫೋನನ್ನು ಇನ್ನೂ ಕಿವಿಗೆ ಹಿಡಿದಿದ್ದಳು. "ಡಾಕ್ಟ್ರೇ, ಇವರಿಗೆ ಮಧ್ಯಾಹ್ನ ಕಬಡ್ಡಿಗೆ ಮೈಕ್ ಹಿಡೀಲಿಕ್ಕುಂಟು."

"ಬೊಬ್ಬೆ ಹೊಡೀಲಿಕ್ಕಾ? ಬೇಡ ಮಾರಾಯ್ರೆ. ಪೇಸ್ಟಿನ ಹಿಡಿತ ಅಷ್ಟೇ. ಜೋರು ಉಸಿರು ಎಳೆಯುವಾಗ ಕಳಚಿ ಶ್ವಾಸನಾಳಕ್ಕೆ ಹೋದರೆ ಆಸ್ಪತ್ರೆ ಕೇಸು. ಅದನ್ನು ಡಬ್ಬಿಯಲ್ಲಿ ಹಾಕಿ ಇಡಿ, ಹಲ್ಲಿಲ್ಲದೆ ಹೋಗ್ಲಿ."

ಇಷ್ಟು ಹೊತ್ತು ಮಾಡು ಹತ್ತಿದ್ದು, ಕಸ ಆರಿಸಿದ್ದು, ಹಂಚು ಒಡೆದದ್ದು, ಎಲ್ಲ ಡಬ್ಬಿಯಲ್ಲಿ ಇಡಲಿಕ್ಕೆ. ಮೇದಪ್ಪನ ಕೈ ಪುನಃ ಮೇಲೆ ಹೋಯಿತು. ಅವನು ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ಬೆನ್ನು ನೋಡಿ ಸೀತುವಿಗೆ ಹಳೆಯ ವರ್ಷಗಳೆಲ್ಲ ಒಟ್ಟಿಗೆ ಕಣ್ಣಿಗೆ ಬಂದವು, ಉಪ್ಪು ಹೆಚ್ಚಾದರೂ ಹೇಳದೆ ಉಂಡು ಏಳುತ್ತಿದ್ದ ಆ ಗಂಡ. ಅವನು ವಾಪಸು ಬರುವುದು ಅವಳಿಗೆ ಖಂಡಿತ ಬೇಡವಾಗಿತ್ತು.

ಸಂಪ್ರೀತನಿಗೆ ಅವಳೇ ಫೋನ್ ಮಾಡಿದಳು. "ಇವರು ಬರ್ತಾರೆ. ಎದುರು ಹಲ್ಲು ಒಂದಿಲ್ಲ. ನಗುವವರು ಈಗಲೇ ನಗ್ಲಿ, ಆಮೇಲೆ ಪುರ್ಸೊತ್ತಿಲ್ಲ."

"ಸೀತೂ!" ಎಂದು ಮೇದಪ್ಪ ಎದ್ದು ಕೂತ. "ಮಾನ ತೆಗ್ದಿ ನೀನು!"

"ಹೌದು. ಅಂಗಿ ಹಾಕಿ."

ಊಟಕ್ಕೆ ಮೆತ್ತಗಿನ ಗಂಜಿ ಕೊಟ್ಟು, ಕ್ಯಾಪಿನ ಡಬ್ಬಿಯನ್ನು ತನ್ನ ಕೈಚೀಲದಲ್ಲಿ ಹಾಕಿಕೊಂಡು, ಅವಳೂ ಬೈಕಿನ ಹಿಂದೆ ಕೂತಳು. ಅವನನ್ನು ಒಬ್ಬನೇ ಬಿಟ್ಟರೆ ದಾರಿಯಲ್ಲಿ ತಿರುಗಿ ಬರುತ್ತಾನೆ ಎಂಬುದು ಅವಳಿಗೆ ಖಾತ್ರಿ.

ಮೈದಾನದಲ್ಲಿ ಮೊದಲ ಮಾತೇ ಕೆಟ್ಟಿತು. "ಸರ್ವರಿಗೂ ಸ್ವಾಗತ" ಎನ್ನುವಾಗ ಗಾಳಿ ಸುಯ್ಯೆಂದಿತು, ನಾಲ್ಕೂ ಕಡೆಯ ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿತು. ಮುಂದೆ ಕೂತಿದ್ದ ಹುಡುಗರು ಬಿದ್ದು ಬಿದ್ದು ನಕ್ಕರು. ಮೇದಪ್ಪ ಮೈಕಿಗೂ ಬಾಯಿಗೂ ನಡುವೆ ಕೈ ತಂದ. ಮಾತು ಮುದ್ದೆಯಾಯಿತು. "ಕೇಳುದಿಲ್ಲ, ಕೇಳುದಿಲ್ಲ!" ಎಂದು ಹಿಂದಿನವರು ಕೂಗಿದರು. ಅವನು ಸೀತುವಿನ ಕಡೆ ನೋಡಿದ. ನೋಡಿದರೆ ಅವಳೇನು ಮಾಡಿಯಾಳು? ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಎಂದು ಅವಳಿಗೆ ಅನಿಸಿತು.

ಅಷ್ಟರಲ್ಲಿ ಶಿಳ್ಳೆ ಕೇಳಿತು. ಬೆಳ್ಳಾರೆಯ ತಂಡದ ತೆಳ್ಳಗಿನ ಹುಡುಗನೊಬ್ಬ ರೈಡಿಗೆ ಹೋದ. ಮೂವರು ಅವನನ್ನು ಮೂಲೆಗೆ ಒತ್ತಿದರು. ಅವನು ಅವರ ಮೇಲಿಂದಲೇ ಹಾರಿ, ಮಣ್ಣಲ್ಲಿ ಉರುಳಿ, ಬೆರಳ ತುದಿಯನ್ನು ಗೆರೆಗೆ ಮುಟ್ಟಿಸಿದ. ಮೇದಪ್ಪ ಎದ್ದು ನಿಂತಿದ್ದ. ಎರಡೂ ಕೈಯಲ್ಲಿ ಮೈಕ್ ಹಿಡಿದು ಕೂಗುತ್ತಿದ್ದ, ಸಕಾರ ಶಕಾರ ಎಲ್ಲ ಗಾಳಿಯಲ್ಲಿ ಹಾರಿಹೋಗುತ್ತಿದ್ದವು, ಒಬ್ಬರೂ ಗಮನಿಸುತ್ತಿರಲಿಲ್ಲ. ಹುಡುಗರು ಅವನ ಜೊತೆಗೇ ಬೊಬ್ಬೆ ಹೊಡೆಯುತ್ತಿದ್ದರು.

ಫೈನಲ್ ಮುಗಿದು ಹೊರಡುವಾಗ ಹೊತ್ತು ಕಂತುತ್ತಿತ್ತು. ಮೇದಪ್ಪ ಬೈಕು ಬಿಡುತ್ತಾ ದಾರಿಯುದ್ದಕ್ಕೂ ಪಂದ್ಯದ ಕತೆ ಹೇಳಿದ. ಆ ರೈಡು, ಆ ಟ್ಯಾಕಲು, ಅಂಪೈರಿನ ತಪ್ಪು. ಮಾತಿನ ನಡುವೆ ಕತ್ತು ತಿರುಗಿಸಿ ಅವಳ ಕಡೆ ನಗುತ್ತಿದ್ದ, ಎದುರಿನ ಕಂಡಿ ಪೂರ್ತಿ ಕಾಣುವ ಹಾಗೆ. ಸೀತುವಿಗೆ ಒಂದು ಮಾತು ಸೇರಿಸಲೂ ಎಡೆ ಸಿಗಲಿಲ್ಲ.

"ಸಾಕು ಮಾರಾಯ್ರೆ, ದಾರಿ ನೋಡಿ," ಎಂದು ಅವಳು ಬೆನ್ನಿಗೆ ಗುದ್ದಿದಳು. "ಗಂಟಲಿಗೆ ಹುಳ ಹೋಗ್ತದೆ. ಬಾಯಿ ಮುಚ್ಚಿ."

ಅವನು ಮುಚ್ಚಲಿಲ್ಲ.